ಗ್ಯಾಸಿನದಲ್ಲ, ನಿಂಬೆಹುಳಿಯ ಲೆಕ್ಕ

"ಬೇಸಿಗೇಲಿ ದಿನಾ ಮಧ್ಯಾಹ್ನ ಊಟ ಆದ್ಮೇಲೆ ಒಂದು ನಿಂಬೆ ಸೋಡಾ ಬೇಕೇ ಬೇಕು. ಹಲ್ಲು ಸವೆಯುತ್ತೆ, ಹೊಟ್ಟೆ ಉಬ್ಬುತ್ತೆ, ಮೂಳೆ ಟೊಳ್ಳಾಗುತ್ತೆ ಅಂತ ಮನೇಲಿ ಬೈತಾರೆ. ಹೌದಾ?"

ಹಲ್ಲಿನ ವಿಷಯದಲ್ಲಿ ಮನೆಯವರ ಮಾತು ಸರಿ, ಆದರೆ ತಪ್ಪು ಸೋಡಾದ್ದಲ್ಲ. ಹೊಟ್ಟೆ ಉಬ್ಬುವುದು ಸ್ವಲ್ಪ ಹೊತ್ತಿನ ಮಾತು. ಮೂಳೆಯ ಭಯ ಬಿಡಬಹುದು.

ಬರೀ ಸೋಡಾ ಎಂದರೆ ಒತ್ತಡ ಹಾಕಿ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರು. ಅದರಲ್ಲಿ ಸ್ವಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗುತ್ತದೆ. ಹೀಗಾಗಿ ಸೋಡಾದ ಪಿಎಚ್, ಅಂದರೆ ಇಳಿದಷ್ಟೂ ಹುಳಿ ಹೆಚ್ಚೆಂದು ಹೇಳುವ ಅಂಕಿ, ಸುಮಾರು 5ಕ್ಕೆ ಇಳಿಯುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಖನಿಜ ಬಿಟ್ಟುಕೊಡಲು ಶುರುಮಾಡುವುದು ಸುಮಾರು 5.5ರ ಕೆಳಗೆ. ಹಾಗೆ ನೋಡಿದರೆ ಸೋಡಾ ಗೆರೆ ದಾಟಿದಂತೆಯೇ. ಆದರೆ ಈ ಆಮ್ಲ ಬಲು ದುರ್ಬಲ. ಬಾಯೊಳಗೆ ಹೋಗುತ್ತಿದ್ದಂತೆ ಗ್ಯಾಸ್ ಹಾರುತ್ತದೆ, ಉಳಿದದ್ದನ್ನು ಜೊಲ್ಲು ಬೇಗನೆ ಸರಿಮಾಡುತ್ತದೆ. ಬರೀ ಸೋಡಾದಿಂದ ಹಲ್ಲು ಸವೆಯುವುದು ಲೆಕ್ಕಕ್ಕೆ ಬರುವಷ್ಟಿಲ್ಲ.

ಅದೇ ಗ್ಲಾಸಿಗೆ ಅಂಗಡಿಯವರು ಅರ್ಧ ನಿಂಬೆಹಣ್ಣು ಹಿಂಡಿದ ಕೂಡಲೇ ಸಂಗತಿ ಬೇರೆಯಾಗುತ್ತದೆ. ಪಿಎಚ್ 3ರ ಹತ್ತಿರಕ್ಕೆ ಜಾರುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ, ಎರಡು ಇಳಿದರೆ ನೂರು ಪಟ್ಟು. ಅಲ್ಲದೆ ಸಿಟ್ರಿಕ್ ಆಮ್ಲ ಗ್ಯಾಸಿನ ಹಾಗೆ ಹಾರಿಹೋಗುವುದಿಲ್ಲ, ಹಲ್ಲಿನ ಕ್ಯಾಲ್ಸಿಯಂ ಅನ್ನೂ ಹಿಡಿದೆಳೆಯುತ್ತದೆ. ಉಪ್ಪು, ಸಕ್ಕರೆ ಹಾಕಿದರೆ ನಾಲಿಗೆಗೆ ಹುಳಿ ಕಡಿಮೆ ಅನ್ನಿಸುತ್ತದೆ, ಹಲ್ಲಿಗೆ ಅಷ್ಟೇ ಇರುತ್ತದೆ.

ಎಷ್ಟು ಕುಡಿದಿರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಕುಡಿದಿರಿ ಎನ್ನುವುದು ಇಲ್ಲಿ ದೊಡ್ಡದು. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ನಿಂತು ಐದು ನಿಮಿಷದಲ್ಲಿ ಮುಗಿಸಿದರೆ ಜೊಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಬಾಟಲಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ತೀರ್ಥಹಳ್ಳಿ ತಲುಪುವವರೆಗೆ ಗುಟುಕು ಗುಟುಕಾಗಿ ಹೀರಿದರೆ ಪ್ರತಿ ಗುಟುಕಿಗೂ ಹಲ್ಲು ಹೊಸದಾಗಿ ಹುಳಿಯಲ್ಲಿ ನೆನೆಯುತ್ತದೆ.

ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ: ಸೋಡಾ ಮುಗಿದ ಬೆನ್ನಿಗೇ ಎಲೆ ಅಡಿಕೆಯ ಕವಳ. ಹುಳಿಗೆ ಮೆತ್ತಗಾದ ಎನಾಮಲ್ ಮೇಲೆ ಗಟ್ಟಿ ಅಡಿಕೆ ಉಜ್ಜಿದರೆ ಸವೆತ ಜೋರಾಗುತ್ತದೆ. ವರ್ಷಗಟ್ಟಲೆ ಅಡಿಕೆ ಜಗಿದವರ ದವಡೆ ಹಲ್ಲಿನ ತುದಿಗಳು ಮೊದಲೇ ಚಪ್ಪಟೆಯಾಗಿ, ಒಳಗಿನ ಹಳದಿ ಪದರ ಕಾಣುತ್ತಿರುತ್ತದೆ. ಅಂಥವರಿಗೆ ನಿಂಬೆ ಸೋಡಾ ತಾಗಿದರೆ ಜುಂ ಎನ್ನುವುದು ಇದಕ್ಕೇ. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅಡಿಕೆಗೂ ಬ್ರಶ್‌ಗೂ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಿ. ರಾತ್ರಿ ಮಲಗುವ ಮುಂಚೆ ನಿಂಬೆ ಸೋಡಾ ಬೇಡವೇ ಬೇಡ, ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ.

ಇನ್ನು ಹೊಟ್ಟೆ. 200 ಮಿಲಿ ಸೋಡಾದಲ್ಲಿ ಅದರ ಮೂರು ಪಟ್ಟು, ಅಂದರೆ ಅರ್ಧ ಲೀಟರಿಗೂ ಮೀರಿ ಗ್ಯಾಸ್ ಕರಗಿರಬಹುದು. ಉಪ್ಪು ಹಾಕಿದಾಗ ಬುರುಬುರು ನೊರೆಯುಕ್ಕುವುದನ್ನು ನೋಡಿರುತ್ತೀರಿ. ಉಪ್ಪಿನ ಹರಳುಗಳ ಒರಟು ಮೈಮೇಲೆ ಗುಳ್ಳೆ ಕಟ್ಟಿ ಗ್ಯಾಸ್ ಹೊರಬೀಳುವುದು ಅದು. ಆ ನೊರೆ ಇಳಿಯಲಿ ಎಂದು ಒಂದೆರಡು ನಿಮಿಷ ತಡೆದರೆ ಹೊಟ್ಟೆಗೆ ಹೋಗುವ ಗ್ಯಾಸ್ ಅಷ್ಟು ಕಡಿಮೆ. ಹೋದದ್ದು ಬಹುಪಾಲು ತೇಗಾಗಿ ಬರುತ್ತದೆ, ಉಳಿದದ್ದು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ. "ತೇಗು ಬಂತು, ಊಟ ಅರಗಿತು" ಎನ್ನುತ್ತಾರಲ್ಲ, ಆ ತೇಗು ಈಗಷ್ಟೇ ಕುಡಿದ ಗ್ಯಾಸಿನದು. ನಾಲ್ಕೈದು ಗಂಟೆ ಬಿಟ್ಟು ಕೆಳಹೊಟ್ಟೆ ಬಿಗಿದುಕೊಂಡರೆ ಸೋಡಾವನ್ನು ದೂರಬೇಡಿ. ಹುರುಳಿ ಸಾರು, ಹಲಸಿನಂಥದ್ದು ದೊಡ್ಡ ಕರುಳಿನಲ್ಲಿ ಹುದುಗಿ ಹುಟ್ಟಿಸುವ ಗ್ಯಾಸ್ ಬೇರೆಯೇ. ಎದೆಯುರಿ ಇರುವವರು ಮಾತ್ರ ಹೊಟ್ಟೆ ತುಂಬ ಉಂಡು, ಸೋಡಾ ಕುಡಿದು, ಹಾಗೇ ಅಡ್ಡಾಗಬಾರದು. ಉಬ್ಬಿದ ಹೊಟ್ಟೆ ಹುಳಿಯನ್ನು ಅನ್ನನಾಳಕ್ಕೆ ತಳ್ಳುತ್ತದೆ.

ಮೂಳೆಯ ಸುದ್ದಿ ಹುಟ್ಟಿದ್ದು ಕೋಲಾದಿಂದ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 2006ರ ವರದಿಯಲ್ಲಿ, ದಿನವೂ ಕೋಲಾ ಕುಡಿಯುವ ಹೆಂಗಸರ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಕಂಡಿತು. ಗ್ಯಾಸ್ ಇರುವ ಬೇರೆ ಪಾನೀಯಗಳಲ್ಲಿ ಆ ನಂಟು ಕಾಣಲಿಲ್ಲ. ಗ್ಯಾಸೇ ಕಾರಣವಾಗಿದ್ದರೆ ಎಲ್ಲದರಲ್ಲೂ ಕಾಣಬೇಕಿತ್ತು. ಕರಗಿದ ಗ್ಯಾಸ್ ನಾವು ಉಸಿರಾಡಿ ಹೊರಬಿಡುವಂಥದ್ದೇ, ಮೂಳೆಯಿಂದ ಕ್ಯಾಲ್ಸಿಯಂ ಕೀಳುವ ಶಕ್ತಿ ಅದಕ್ಕಿಲ್ಲ. ಕ್ಯಾಲ್ಸಿಯಂ ಚೂರು ಮೂತ್ರಕ್ಕೆ ಹೋಗುವಂತೆ ಮಾಡುವುದು ಉಪ್ಪು, ಆದ್ದರಿಂದ ಅಂಗಡಿಯಲ್ಲಿ ಅರ್ಧ ಚಮಚ ಸುರಿಯುವ ಕೈಯನ್ನು ಒಂದು ಚಿಟಿಕೆಗೆ ನಿಲ್ಲಿಸಿ. ಸೋಡಾ ಬಂದು ಮನೆಯ ಹಾಲಿನ ಲೋಟ ತಪ್ಪಿದರೆ ಮಾತ್ರ ನಷ್ಟ: 200 ಮಿಲಿ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಸೋಡಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.