ರೇಖಾಗಣಿತದ ಕಾರಣ ಚೀಟಿ ಪ್ರಾಜೆಕ್ಟ್: ಸ್ಪರ್ಶಕದ ಸೆಟ್ ರೆಡಿ, ಸಮರೂಪತೆ ಶುರು

ಅಕ್ಕನ ಮಗ ಈ ವರ್ಷ ಎಸ್ಎಸ್ಎಲ್‌ಸಿ, ಅವನ ಜೊತೆ ಪಕ್ಕದ ಮನೆ ಇಬ್ಬರು ಮಕ್ಕಳೂ ಸಂಜೆ ಬರ್ತಾರೆ, ಅವರಿಗೋಸ್ಕರ ನಾನು ಒಂದು ಚೀಟಿ ಸೆಟ್ ಮಾಡ್ತಾ ಇದೀನಿ. ದಪ್ಪ ಡ್ರಾಯಿಂಗ್ ಶೀಟ್ ಕತ್ತರಿಸಿ ಬಿಳಿ ಚೀಟಿಲಿ ಸಾಧನೆಯ ಒಂದೊಂದು ಸಾಲು, ಹಳದಿ ಚೀಟಿಲಿ ಅದಕ್ಕೆ ಕೊಡಬೇಕಾದ ಕಾರಣ. ಮಕ್ಕಳು ಬಿಳಿದನ್ನ ಸಾಲಾಗಿ ಜೋಡಿಸಿ ಪಕ್ಕಕ್ಕೆ ಹಳದಿ ಇಡಬೇಕು ಅಷ್ಟೇ. ಇದರಲ್ಲಿ ನಿಜವಾದ ಕೆಲಸ ಇರೋದು ಸರಿ ಚೀಟಿ ಬರೆಯೋದರಲ್ಲಿ ಅಲ್ಲ, ನೋಡೋಕೆ ಸರಿ ಅನ್ಸೋ ಆದ್ರೆ ಅಲ್ಲಿ ನಿಲ್ಲದ ಚೀಟಿಗಳನ್ನ ಬರೆದು ಮಧ್ಯದಲ್ಲಿ ಸೇರಿಸೋದರಲ್ಲಿ.

ಮೊದಲು ಮುಗಿದಿದ್ದು ಸ್ಪರ್ಶಕದ ಪ್ರಮೇಯ. ವೃತ್ತದ ಹೊರಗಿನ ಬಿಂದು P ಇಂದ ಎಳೆದ ಎರಡು ಸ್ಪರ್ಶಕ PA, PB ಸಮ ಅಂತ ತೋರಿಸ್ಬೇಕು, O ಕೇಂದ್ರ. ರಚನೆ ಅಂತ OA, OB, OP ಸೇರಿಸಿದ್ರೆ ಎರಡು ತ್ರಿಭುಜ ಬರುತ್ತೆ, PAO ಮತ್ತು PBO. ಸಾಲುಗಳು ಹೀಗಿವೆ:

∠OAP = ∠OBP = 90° (ಸ್ಪರ್ಶ ಬಿಂದುವಿನಲ್ಲಿ ಎಳೆದ ತ್ರಿಜ್ಯ ಸ್ಪರ್ಶಕಕ್ಕೆ ಲಂಬ)
OP = OP (ಉಭಯ ಸಾಮಾನ್ಯ ಬಾಹು)
OA = OB (ಒಂದೇ ವೃತ್ತದ ತ್ರಿಜ್ಯಗಳು)
△PAO ≅ △PBO (ಲಂವಿಬಾ, ಅಂದ್ರೆ ಲಂಬಕೋನ-ವಿಕರ್ಣ-ಬಾಹು ನಿಯಮ)
PA = PB (ಸರ್ವಸಮ ತ್ರಿಭುಜಗಳ ಅನುರೂಪ ಭಾಗಗಳು)

ಇದಕ್ಕೆ ಸೇರಿಸಿದ ಸುಳ್ಳು ಚೀಟಿಗಳಲ್ಲಿ ಮೂರು ಚೆನ್ನಾಗಿ ಕೆಲಸ ಮಾಡ್ತಿವೆ. ಒಂದು, 90° ಸಾಲಿಗೆ "ದತ್ತ" ಅನ್ನೋ ಹಳದಿ ಚೀಟಿ. ಪ್ರಶ್ನೇಲಿ ಕೊಟ್ಟಿರೋದು PA, PB ಸ್ಪರ್ಶಕ ಅಂತ ಮಾತ್ರ, ಲಂಬ ಅನ್ನೋದು ಅದರಿಂದ ಇನ್ನೊಂದು ಪ್ರಮೇಯದ ಮೂಲಕ ಬರೋದು, ಹಾಗಾಗಿ ಕಾರಣದಲ್ಲಿ ಆ ಪ್ರಮೇಯಾನೇ ಬರೀಬೇಕು. ಎರಡನೇದು ∠OPA = ∠OPB ಅನ್ನೋ ಬಿಳಿ ಚೀಟಿ. ಚಿತ್ರ ನೋಡಿದ್ರೆ OP ಮಧ್ಯದಲ್ಲೇ ಹೋಗಿರುತ್ತೆ, ಮಾತು ನಿಜಾನೂ ಹೌದು, ಆದ್ರೆ ಅದು ಈ ಎರಡು ತ್ರಿಭುಜ ಸರ್ವಸಮ ಅಂತ ಆದ್ಮೇಲೆ ಸಿಗೋ ವಿಷಯ. ಅದನ್ನ ಮೊದಲೇ ಇಟ್ಟು ಕೋನ-ಕೋನ-ಬಾಹು ನಿಯಮ ಅಂದ್ರೆ ಸಾಧನೆ ತನ್ನ ಬಾಲ ತಾನೇ ಹಿಡ್ಕೊಂಡಂಗೆ. ಈಗ ಯಾವ ಬಿಳಿ ಚೀಟಿ ಇಟ್ರೂ "ಇದು ಈ ಸಾಲಿಗಿಂತ ಮುಂಚೆ ನಿಂಗೆ ಎಲ್ಲಿಂದ ಗೊತ್ತಾಯ್ತು?" ಅಂತ ಕೇಳ್ತೀನಿ, ಮೇಲಿನ ಸಾಲಿಂದ, ದತ್ತದಿಂದ, ರಚನೆಯಿಂದ ಇಲ್ಲಾ ಗೊತ್ತಿರೋ ಪ್ರಮೇಯದಿಂದ ಬಂದಿರ್ಬೇಕು, ಚಿತ್ರದಲ್ಲಿ ಕಾಣ್ತಿದೆ ಅನ್ನೋದು ಲೆಕ್ಕಕ್ಕಿಲ್ಲ.

ಮೂರನೇದೇ ಈ ಸೆಟ್‌ನ ಜೀವಾಳ, ಲಂವಿಬಾ ಪಕ್ಕದಲ್ಲಿ ಬಾಕೋಬಾ, ಅಂದ್ರೆ ಬಾಹು-ಕೋನ-ಬಾಹು ಚೀಟಿ. ಎರಡು ಬಾಹು ಇದೆ, ಒಂದು ಕೋನ ಇದೆ, ಮತ್ತೆ ಬಾಕೋಬಾ ಯಾಕಾಗಲ್ಲ ಮಾಮ ಅಂತ ಅಕ್ಕನ ಮಗ ಕೇಳಿದ. ಒಳ್ಳೇ ಪ್ರಶ್ನೆ. ಬಾಕೋಬಾದಲ್ಲಿ ಕೋನ ಆ ಎರಡು ಬಾಹುಗಳ ಮಧ್ಯೆ ಇರ್ಬೇಕು. ಇಲ್ಲಿ ಬಾಹುಗಳು OA ಮತ್ತು OP, ಅವೆರಡೂ ಸೇರೋದು O ನಲ್ಲಿ, ನಮ್ಮ 90° ಇರೋದು A ನಲ್ಲಿ. ಅಂದ್ರೆ ನಮ್ಮ ಹತ್ರ ಇರೋದು ಬಾಬಾಕೋ, ಮಾಮೂಲಿ ಕೋನಕ್ಕೆ ಅದು ನಂಬೋ ಹಾಗಿಲ್ಲ.

ಬಾಯಲ್ಲಿ ಹೇಳಿದ್ರೆ ಇದು ತಲೆಗೆ ಹತ್ತಲ್ಲ, ಕೈವಾರ ಕೊಟ್ಟು ಎಳೆಸಿದೆ. A ನಲ್ಲಿ 30° ಕೋನ, ಒಂದು ಕಿರಣದ ಮೇಲೆ AB = 8 ಸೆಂ.ಮೀ, ಆಮೇಲೆ B ನಲ್ಲಿ ಮುಳ್ಳಿಟ್ಟು 5 ಸೆಂ.ಮೀ ತ್ರಿಜ್ಯದ ಕಂಸ. ಕಂಸ ಇನ್ನೊಂದು ಕಿರಣವನ್ನ ಎರಡು ಕಡೆ ಕತ್ತರಿಸುತ್ತೆ, ಒಂದು A ಇಂದ ಸುಮಾರು 3.9 ಸೆಂ.ಮೀ ದೂರ, ಇನ್ನೊಂದು 9.9. ಎರಡೂ ತ್ರಿಭುಜದಲ್ಲಿ ಅದೇ 8, ಅದೇ 5, ಅದೇ 30°, ಆದ್ರೆ ತ್ರಿಭುಜಗಳು ಬೇರೆ ಬೇರೆ. ಲೆಕ್ಕನೂ ಸುಲಭ, B ಇಂದ ಆ ಕಿರಣಕ್ಕೆ ಲಂಬ 8 ರ ಅರ್ಧ ಅಂದ್ರೆ 4, ಕಂಸದ ತ್ರಿಜ್ಯ 5, ಹಾಗಾಗಿ ಲಂಬದ ಬುಡದಿಂದ ಆ ಕಡೆ 3 ಈ ಕಡೆ 3. ಈಗ A ನಲ್ಲಿ 90° ಇಟ್ಟು AB = 4, ಕಂಸ ಮತ್ತೆ 5. ಲಂಬದ ಬುಡ ಈಗ A ನೇ, ಹಾಗಾಗಿ ಕಂಸ ಕತ್ತರಿಸೋ ಎರಡು ಬಿಂದು A ಯ ಎರಡೂ ಪಕ್ಕ 3, 3 ದೂರದಲ್ಲಿ ಬೀಳುತ್ತೆ, ಆ ಎರಡು ತ್ರಿಭುಜ ಒಂದಕ್ಕೊಂದು ಪ್ರತಿಬಿಂಬ, ಅಂದ್ರೆ ಸರ್ವಸಮ. ಲಂಬಕೋನಕ್ಕೆ ಮಾತ್ರ ಬೇರೆ ಹೆಸರಿನ ನಿಯಮ ಇರೋದು ಇದಕ್ಕೇ. (ಕೋನದ ಎದುರು ಬಾಹು ಇನ್ನೊಂದಕ್ಕಿಂತ ಉದ್ದ ಇದ್ರೂ ಒಂದೇ ತ್ರಿಭುಜ ಬರುತ್ತೆ, ಆದ್ರೆ ಶಾಲೆಲಿ ಅದಕ್ಕೆ ನಿಯಮ ಅಂತ ಹೆಸರಿಲ್ಲ, ಅದಕ್ಕೆ ಚೀಟಿ ಮಾಡಿಲ್ಲ.)

ಈ ಕೈವಾರದ ಹಾಳೆ ಈಗ ಸೆಟ್‌ನ ಭಾಗ. ಜೊತೆಗೆ ಒಂದು ಅಭ್ಯಾಸ ಸೇರಿಸಿದೀನಿ, ನಿಯಮದ ಚೀಟಿ ಮುಟ್ಟೋ ಮೊದಲು ಚಿತ್ರದಲ್ಲಿ ಸಮ ಇರೋ ಬಾಹುಗಳಿಗೆ ಒಂದು ಬಣ್ಣ, ಕೋನಗಳಿಗೆ ಇನ್ನೊಂದು ಬಣ್ಣ ಹಾಕಿ ತ್ರಿಭುಜದ ಸುತ್ತ ಬೆರಳಲ್ಲಿ ಒಂದು ಸುತ್ತು ಹೋಗೋದು. ಬೆರಳು ಬಾಹು, ಕೋನ, ಬಾಹು ಅಂತ ಬಿಡದೇ ಸಾಲಾಗಿ ಮುಟ್ಟಿದ್ರೆ ಬಾಕೋಬಾ, ಮಧ್ಯದಲ್ಲಿ ಗುರುತಿಲ್ಲದ ಕೋನ ದಾಟಬೇಕಾಗಿ ಬಂದ್ರೆ ನಿಲ್ಲಿಸಿ 90° ಇದೆಯಾ ಅಂತ ನೋಡೋದು.

ಸಮರೂಪತೆ ಸೆಟ್ ಅರ್ಧ ಆಗಿದೆ. ಕೋಕೋ, ಅಂದ್ರೆ ಎರಡು ಕೋನ ಸಮ ಅಂತ ತೋರಿಸೋ ಲೆಕ್ಕಗಳಲ್ಲಿ ತೊಂದ್ರೆ ಇಲ್ಲ, ಮಕ್ಕಳು ಪರ್ಯಾಯ ಕೋನ, ಶೃಂಗಾಭಿಮುಖ ಕೋನ ಬೇಗ ಹಿಡೀತಾರೆ. ಕಷ್ಟ ಇರೋದು ಬಾಕೋಬಾ ಸಮರೂಪತೆಲಿ, ಅದಕ್ಕೆ ಈ ಪ್ರಶ್ನೆ ಆರಿಸ್ಕೊಂಡೆ. ತ್ರಿಭುಜ ABC ಲಿ AB ಮೇಲೆ D, AC ಮೇಲೆ E, ಮತ್ತು AD × AB = AE × AC. AD = 4, AB = 9, AE = 3, AC = 12, ಎರಡು ಕಡೆನೂ 36. BC = 10.5 ಆದ್ರೆ DE ಎಷ್ಟು?

ಚಿತ್ರದಲ್ಲಿ ಸಣ್ಣ ತ್ರಿಭುಜ ದೊಡ್ಡದರ ಒಳಗೆ ಕೂತಿರೋದ್ರಿಂದ ಎಲ್ಲರ ಕೈ ಮೊದಲು ಹೋಗೋದು DE ∥ BC ಚೀಟಿಗೆ ಮತ್ತೆ △ADE ~ △ABC ಚೀಟಿಗೆ. ಆದ್ರೆ AD/AB = 4/9, AE/AC = 3/12, ಎರಡೂ ಸಮ ಇಲ್ಲ, ಸಮಾಂತರ ಅನ್ನೋದು ಅಲ್ಲೇ ಬಿದ್ದೋಯ್ತು. ಗುಣಲಬ್ಧವನ್ನ ಅನುಪಾತ ಮಾಡಿದ್ರೆ ದಾರಿ ಸಿಗುತ್ತೆ, AD/AC = AE/AB, ಅಂದ್ರೆ 4/12 = 3/9 = 1/3. ಮೇಲಿರೋ D, E ಗಳು ಸಣ್ಣ ತ್ರಿಭುಜದವು, ಕೆಳಗೆ D ಗೆ ಜೋಡಿಯಾಗಿ C, E ಗೆ ಜೋಡಿಯಾಗಿ B ಬಂದಿದೆ. ∠A ಎರಡಕ್ಕೂ ಸಾಮಾನ್ಯ, ಅದು ಈ ಬಾಹುಗಳ ಮಧ್ಯದಲ್ಲೇ ಇದೆ. ಹಾಗಾಗಿ △ADE ~ △ACB, ಅಕ್ಷರಗಳ ಕ್ರಮ ಇದೇ ಇರ್ಬೇಕು, ಆಗ DE/CB = 1/3, DE = 3.5. ಕೋನಗಳೂ ∠ADE = ∠ACB ಅಂತ ಅಡ್ಡವಾಗಿ ಜೋಡಿ ಆಗುತ್ತೆ.

ಇಲ್ಲಿ ಕಾರಣದ ಚೀಟಿನ ಎರಡು ಮಾಡ್ದೆ, ಅನುಪಾತದ ಸಾಲಿಗೆ "ದತ್ತದಿಂದ, ಎರಡೂ ಬದಿಯನ್ನು AB × AC ಇಂದ ಭಾಗಿಸಿ" ಅಂತ ಒಂದು, ಸಮರೂಪದ ಸಾಲಿಗೆ "ಬಾಕೋಬಾ ಸಮರೂಪತೆ" ಅಂತ ಇನ್ನೊಂದು. ಬರೀ ಬಾಕೋಬಾ ಅಂತ ಬರೆದ್ರೆ ಸರ್ವಸಮತೆನೋ ಸಮರೂಪತೆನೋ ಓದೋರಿಗೆ ಗೊತ್ತಾಗಲ್ಲ, ಅದಕ್ಕೆ ಪೂರ್ತಿ ಬರೆಸ್ತಿದೀನಿ. ಮುಂದೆ ಪೈಥಾಗೊರಸ್ ಪ್ರಮೇಯದ ಸೆಟ್, ಅದರಲ್ಲಿ ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆದಾಗ ಮೂರು ಸಮರೂಪ ತ್ರಿಭುಜ ಬರುತ್ತೆ, ಶೃಂಗಗಳ ಕ್ರಮ ತಪ್ಪಿರೋ ಚೀಟಿಗಳನ್ನ ಈ ಭಾನುವಾರ ಕತ್ತರಿಸ್ಬೇಕು.