ಮೂರು ಲೀಟರ್ ಮೂತ್ರ ನೋಡಿ ನಾನು ಮಾಡಿದ ತಪ್ಪು

ಕಿಡ್ನಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಇದು. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅರವತ್ತು ದಾಟಿದ ಅಜ್ಜಿ. ಹದಿನೈದು ದಿನದಿಂದ ಊಟ ಸೇರುತ್ತಿರಲಿಲ್ಲ, ಎರಡು ದಿನದಿಂದ ವಾಂತಿ, ಹೊಟ್ಟೆ ಕಟ್ಟಿಕೊಂಡು ಮಲವಿಸರ್ಜನೆ ಇಲ್ಲ. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದರು, ಆದರೆ ಸ್ವಲ್ಪ ಹೊತ್ತಿಗೇ ಮಂಪರು. ಮಂಚದ ಪಕ್ಕ ಒಂದು ಸ್ಟೀಲ್ ಚೊಂಬು ಇತ್ತು. ಸೊಸೆ ಅದನ್ನು ತುಂಬಿಸಿ ತುಂಬಿಸಿ ಇಡುತ್ತಿದ್ದರು. ರಾತ್ರಿ ನಾಲ್ಕೈದು ಸಲ ಎದ್ದು ಹೋಗ್ತಾರೆ ಸಾರ್, ಶುಗರ್ ಬಂದಿದೆಯೇನೋ ಅಂದುಕೊಂಡಿದ್ದೆವು ಎಂದರು. ಶುಗರ್ ಇರಲಿಲ್ಲ. ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಕ್ರಿಯಾಟಿನಿನ್ 2.8ಕ್ಕೆ ಏರಿತ್ತು. ಕ್ಯಾಲ್ಸಿಯಂ 12.6.

ಈ 12.6 ಕೂಡ ಪೂರ್ತಿ ಲೆಕ್ಕ ಅಲ್ಲ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆ ಪ್ರೋಟೀನುಗಳಲ್ಲಿ ಮುಖ್ಯವಾದ ಅಲ್ಬುಮಿನ್ ಕಡಿಮೆಯಾದರೆ ರಿಪೋರ್ಟಿನ ಅಂಕಿಯೂ ಕಡಿಮೆ ಕಾಣುತ್ತದೆ. ಮಾಮೂಲಿ ಅಲ್ಬುಮಿನ್ 4 ಎಂದು ಹಿಡಿಯುತ್ತೇವೆ, ಅಜ್ಜಿಯದು 3 ಇತ್ತು. ನಾವು ವಾರ್ಡಿನಲ್ಲಿ ಹಾಕುವ ಲೆಕ್ಕ ಹೀಗೆ: 12.6 + 0.8 × (4 − 3) = 13.4. ಮಾಮೂಲಿ ಮಿತಿ ಸುಮಾರು 10.5. ಇದು ಅಂದಾಜು ಅಷ್ಟೇ. ಯಾವುದಕ್ಕೂ ಅಂಟಿಕೊಳ್ಳದ ಅಯಾನೈಸ್ಡ್ ಕ್ಯಾಲ್ಸಿಯಂ ನೇರವಾಗಿ ಅಳೆಯುವ ಸೌಲಭ್ಯ ಇದ್ದರೆ ಅದೇ ಒಳ್ಳೆಯದು.

ಸಲೈನ್ ಶುರು ಮಾಡಿದೆವು. ರಾತ್ರಿ ರೌಂಡ್ಸಿನಲ್ಲಿ ಚಾರ್ಟ್ ನೋಡಿದೆ. ಬಂದಾಗಿನಿಂದ ಮೂರು ಲೀಟರಿಗಿಂತ ಜಾಸ್ತಿ ಮೂತ್ರ ಹೋಗಿತ್ತು. ಇಷ್ಟು ಮೂತ್ರ ಬರುತ್ತಿದೆ ಅಂದಮೇಲೆ ಮೈಯಲ್ಲಿ ನೀರಿದೆ, ವಯಸ್ಸಾದವರು, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಕಷ್ಟ ಅಂತ ಸಲೈನ್ ಗಂಟೆಗೆ 50 ಮಿ.ಲೀ.ಗೆ ಇಳಿಸಿ ಹೋದೆ. ಬೆಳಗ್ಗೆ ಕ್ರಿಯಾಟಿನಿನ್ 3.3 ಆಗಿತ್ತು. ಸೋಡಿಯಂ 149. ನಾಲಿಗೆ ಒಣಗಿ ಒರಟಾಗಿತ್ತು. ಕೂರಿಸಿ ಬಿಪಿ ನೋಡಿದರೆ ಇಪ್ಪತ್ತು ಪಾಯಿಂಟ್ ಇಳಿಯುತ್ತಿತ್ತು.

ಬೇರೆ ರೋಗಿಗಳಲ್ಲಿ ಮೂತ್ರ ಚೆನ್ನಾಗಿ ಬರುತ್ತಿದ್ದರೆ ಮೈಯಲ್ಲಿ ನೀರಿದೆ ಎಂದುಕೊಳ್ಳುವುದು ಸರಿ. ಕ್ಯಾಲ್ಸಿಯಂ ಏರಿದವರಲ್ಲಿ ಆ ಅಳತೆಯೇ ಮೋಸ ಮಾಡುತ್ತದೆ. ಕಿಡ್ನಿಯ ನಾಳಗಳಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ಗುರುತಿಸುವ ರಿಸೆಪ್ಟರ್ ಇದೆ. ಕ್ಯಾಲ್ಸಿಯಂ ಜಾಸ್ತಿಯಾದಾಗ ಅದು ಉಪ್ಪನ್ನು ವಾಪಸ್ ಹೀರುವ ಕೆಲಸ ನಿಲ್ಲಿಸುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಮಾತ್ರೆ ನುಂಗಿದ ಹಾಗೆಯೇ ಆಗುತ್ತದೆ. ಮುಂದೆ ಕೊನೆಯ ನಾಳದಲ್ಲಿ, ನೀರು ಉಳಿಸು ಎಂದು ಮೆದುಳು ಕಳಿಸುವ ಎಡಿಎಚ್ ಹಾರ್ಮೋನಿನ ಮಾತೂ ನಡೆಯುವುದಿಲ್ಲ. ಹೀಗಾಗಿ ಮೈ ಒಣಗುತ್ತಿದ್ದರೂ ಮೂತ್ರ ಹೋಗುತ್ತಲೇ ಇರುತ್ತದೆ. ಮೈ ಒಣಗಿದಾಗ ಕಿಡ್ನಿ ತನ್ನ ನಾಳದ ಮೊದಲ ಭಾಗದಲ್ಲಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದೆ. ಸೋಡಿಯಂ ಜೊತೆ ಕ್ಯಾಲ್ಸಿಯಮ್ಮೂ ವಾಪಸ್ ಬರುತ್ತದೆ. ಕ್ಯಾಲ್ಸಿಯಂ ಇನ್ನೂ ಏರುತ್ತದೆ, ಮೂತ್ರ ಇನ್ನೂ ಹೋಗುತ್ತದೆ. ನಾನು ಸಲೈನ್ ಇಳಿಸಿ ಈ ಸುತ್ತಿಗೆ ಇನ್ನಷ್ಟು ವೇಗ ಕೊಟ್ಟಿದ್ದೆ.

ಸುಳಿವು ನನ್ನ ಕೈಯಲ್ಲೇ ಇತ್ತು. ಬಂದ ದಿನದ ಮಾಮೂಲಿ ಯೂರಿನ್ ರಿಪೋರ್ಟಿನಲ್ಲಿ ಸ್ಪೆಸಿಫಿಕ್ ಗ್ರ್ಯಾವಿಟಿ 1.006 ಎಂದಿತ್ತು. ಒಣಗಿದ ಮೈಯ ಮೂತ್ರ ಗಟ್ಟಿಯಾಗಿ, 1.020ರ ಮೇಲೆ ಇರಬೇಕು. ನೀರಿನಂಥ ಮೂತ್ರ ಹೋಗುತ್ತಿದೆ ಅಂದರೆ ಕಿಡ್ನಿಗೆ ನೀರು ಉಳಿಸುವ ಶಕ್ತಿ ಹೋಗಿದೆ ಎಂದರ್ಥ. ಆಮೇಲೆ ಸಲೈನ್ ಗಂಟೆಗೆ 200 ಮಿ.ಲೀ.ಗೆ ಏರಿಸಿದೆವು. ಎರಡು ಗಂಟೆಗೊಮ್ಮೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಶ್ವಾಸಕೋಶ ಕೇಳಿದೆ. ಸೋಡಿಯಂ ಏರಿದ್ದರಿಂದ ಬಾಯಲ್ಲೂ ನೀರು ಕೊಡಿಸಿದೆವು. ಫ್ಯೂರೊಸೆಮೈಡ್ ಕೊಡಲಿಲ್ಲ. ನೀರು ಜಾಸ್ತಿಯಾಗಿ ಉಸಿರು ಕಟ್ಟಿದರೆ ಮಾತ್ರ ಅದು ಬೇಕು. ಒಣಗಿದ ಮೈಗೆ ಮೊದಲೇ ಕೊಟ್ಟರೆ ಕೆಡುಕು.

ಇನ್ನು ಕಾರಣ ಹುಡುಕಬೇಕಿತ್ತು. ಮೊದಲು ಕಳಿಸಬೇಕಾದ ಪರೀಕ್ಷೆ ಪಿಟಿಎಚ್. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಹಾರ್ಮೋನು ಅವುಗಳದ್ದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಅವು ಸುಮ್ಮನಾಗಬೇಕು, ಪಿಟಿಎಚ್ ಬಿದ್ದುಹೋಗಬೇಕು. ಕ್ಯಾಲ್ಸಿಯಂ 13 ಇದ್ದೂ ಪಿಟಿಎಚ್ ನಾರ್ಮಲ್ ಅಂತ ಬಂದರೆ ಅದು ನಾರ್ಮಲ್ ಅಲ್ಲ. ಹೆಚ್ಚಾಗಿ ಗ್ರಂಥಿಯಲ್ಲೇ ತೊಂದರೆ. ಅಜ್ಜಿಯದು 7 ಬಂತು. ಗ್ರಂಥಿ ಸರಿಯಾಗಿಯೇ ಸುಮ್ಮನಾಗಿತ್ತು. ಕ್ಯಾಲ್ಸಿಯಂ ಬೇರೆ ಎಲ್ಲಿಂದಲೋ ಬರುತ್ತಿತ್ತು.

ಈ ವಯಸ್ಸು, ಹಿಮೋಗ್ಲೋಬಿನ್ 9.8, ಕೆಟ್ಟ ಕಿಡ್ನಿ. ಎಲ್ಲರಿಗೂ ಮೊದಲು ಹೆದರಿಕೆಯಾದದ್ದು ಮೂಳೆ ಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾಗೆ. ಅದನ್ನು ಪತ್ತೆ ಮಾಡುವ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್, ಫ್ರೀ ಲೈಟ್ ಚೈನ್ ಪರೀಕ್ಷೆಗೆ ಕಳಿಸಿದೆವು. ನಮ್ಮ ಕಡೆ ಟಿಬಿಯನ್ನೂ ಮರೆಯುವ ಹಾಗಿಲ್ಲ. ಟಿಬಿ ಮತ್ತು ಅದರಂತೆಯೇ ಗಂಟು ಕಟ್ಟುವ ಸಾರ್ಕಾಯ್ಡ್ ಕಾಯಿಲೆಯ ಗಂಟುಗಳಲ್ಲಿರುವ ಜೀವಕೋಶಗಳು ಯಾರ ಹಿಡಿತಕ್ಕೂ ಸಿಗದೆ ವಿಟಮಿನ್ ಡಿಯನ್ನು ಚುರುಕಿನ ರೂಪಕ್ಕೆ ತಿರುಗಿಸುತ್ತವೆ. ಅದಕ್ಕೆ ಎದೆಯ ಎಕ್ಸ್‌ರೇ ಆಯಿತು. ಇಂಥ ಕ್ಯಾಲ್ಸಿಯಂ ಇಳಿಸಲು ಸ್ಟೀರಾಯ್ಡ್ ಕೊಡುವುದುಂಟು, ಆದರೆ ಎಲ್ಲಾ ಸ್ಯಾಂಪಲ್ ಹೋಗುವವರೆಗೆ ಅದನ್ನು ಮುಟ್ಟಬಾರದು ಅಂತ ನಮ್ಮ ಮೇಡಂ ಖಡಕ್ಕಾಗಿ ಹೇಳಿದ್ದರು. ದುಗ್ಧಗ್ರಂಥಿಯ ಕ್ಯಾನ್ಸರ್ ಆದ ಲಿಂಫೋಮಾ ಇದ್ದರೆ ಸ್ಟೀರಾಯ್ಡ್ ಅದನ್ನು ಮರೆಮಾಡಿಬಿಡುತ್ತದೆ.

ಉತ್ತರ ಸಿಕ್ಕಿದ್ದು ಮಾತ್ರ ಮಾತಿನಲ್ಲಿ. ಬಂದ ದಿನ ನಾನು ಮಗನನ್ನು ಯಾವ ಮಾತ್ರೆ ತಗೋತಾರೆ ಎಂದು ಕೇಳಿದ್ದೆ. ಏನೂ ಇಲ್ಲ ಸಾರ್ ಎಂದಿದ್ದರು. ಅದು ಸುಳ್ಳಲ್ಲ. ಮೂರನೇ ದಿನ ಅಜ್ಜಿ ಚೇತರಿಸಿಕೊಂಡು ಎದ್ದು ಕೂತಿದ್ದರು.

"ಅಜ್ಜಿ, ಮಂಡಿಗೆ ಏನಾದ್ರೂ ಸೂಜಿ ಹಾಕಿಸಿಕೊಂಡಿದ್ರಾ?"

"ಹೂಂ ಕಣಪ್ಪಾ, ಮೂಳೆ ಗಟ್ಟಿಯಾಗೋ ಸೂಜಿ. ವಾರವಾರ ಸಂತೆ ದಿನ ಹೋಗಿ ಹಾಕಿಸ್ಕೊಂಡು ಬರ್ತಿದ್ದೆ."

ಮಗ ಮಾರನೇ ದಿನ ಚೀಟಿ ತಂದರು. ವಿಟಮಿನ್ ಡಿ, ಒಂದೊಂದು ಇಂಜೆಕ್ಷನ್ನಿಗೆ 6 ಲಕ್ಷ ಯೂನಿಟ್. ಚೀಟಿಯ ಹಿಂದೆ ತಾರೀಕು ಬರೆದು ಟಿಕ್ ಹಾಕಿತ್ತು. ಎಂಟು ಟಿಕ್. ಒಟ್ಟು 48 ಲಕ್ಷ ಯೂನಿಟ್. ಈ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು 600ರಿಂದ 800. ರಕ್ತದಲ್ಲಿ ವಿಟಮಿನ್ ಡಿ 150ಕ್ಕಿಂತ ಮೇಲೆ ಎಂದು ಬಂತು. ಮೈಲೋಮಾ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಎಕ್ಸ್‌ರೇ ಶುಭ್ರವಾಗಿತ್ತು. ರಂಜಕ 4.9 ಇದ್ದದ್ದೂ ಇದಕ್ಕೆ ಹೊಂದಿತು. ವಿಟಮಿನ್ ಡಿ ಕರುಳಿನಿಂದ ಕ್ಯಾಲ್ಸಿಯಂ, ರಂಜಕ ಎರಡನ್ನೂ ಹೀರಿಸುತ್ತದೆ. ಪ್ಯಾರಾಥೈರಾಯ್ಡ್ ತೊಂದರೆಯಲ್ಲಾದರೆ ರಂಜಕ ಸಾಮಾನ್ಯವಾಗಿ ತಗ್ಗುತ್ತದೆ.

ಆಮೇಲೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರುವಾಯಿತು. ಹತ್ತನೇ ದಿನಕ್ಕೆ ಕ್ಯಾಲ್ಸಿಯಂ 10.8. ಮನೆಯವರಿಗೆ ನಾವು ಒತ್ತಿ ಹೇಳಿದ್ದು, ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ರಕ್ತಕ್ಕೆ ಜಿನುಗುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಕ್ಯಾಲ್ಸಿಯಂ ನೋಡಲೇಬೇಕಿತ್ತು.

ಸ್ಕ್ಯಾನಿಂಗ್ ಮಾತ್ರ ನನಗೆ ಬೇಜಾರು ತಂದಿತು. ಕಿಡ್ನಿಯ ಒಳಭಾಗದಲ್ಲಿ ತ್ರಿಕೋನದಂಥ ಪಿರಮಿಡ್ಡುಗಳಿವೆ. ಸುತ್ತಲಿನ ಭಾಗಕ್ಕಿಂತ ಅವು ಕಪ್ಪಾಗಿ ಕಾಣಬೇಕು. ಅಜ್ಜಿಯದರಲ್ಲಿ ಉಲ್ಟಾ. ಎರಡೂ ಕಿಡ್ನಿಯಲ್ಲಿ ಪಿರಮಿಡ್ಡುಗಳು ಬಿಳಿಯಾಗಿ, ದುಂಡಗೆ ಪೋಣಿಸಿಟ್ಟ ಹೂವಿನ ಹಾಗೆ ಹೊಳೆಯುತ್ತಿದ್ದವು. ಇದು ನೆಫ್ರೊಕ್ಯಾಲ್ಸಿನೋಸಿಸ್. ಕ್ಯಾಲ್ಸಿಯಂ ಉಪ್ಪು ಕಿಡ್ನಿಯ ಮಾಂಸದೊಳಗೇ ಕೂತಿದೆ.

"ಕಲ್ಲಾ ಸಾರ್? ಲೇಸರಲ್ಲಿ ಒಡೆಸಬಹುದಲ್ವಾ?" ಎಂದು ಮಗ ಕೇಳಿದರು.

ಕಲ್ಲಾದರೆ ಮೂತ್ರ ಹರಿಯುವ ದಾರಿಯಲ್ಲಿರುತ್ತದೆ, ಒಡೆದು ತೆಗೆಯಬಹುದು. ಇದು ಗೋಡೆಯೊಳಗೆ ಇಳಿದ ಉಪ್ಪಿನ ಹಾಗೆ. ಕೆರೆದು ತೆಗೆಯಲು ಬರುವುದಿಲ್ಲ. ಕ್ಯಾಲ್ಸಿಯಂ ನಾರ್ಮಲ್ ಇದ್ದವರಲ್ಲೂ ಹೀಗೆ ಕಾಣಬಹುದು, ಕಿಡ್ನಿಯ ನಾಳಗಳ ತೊಂದರೆಯಿಂದ ರಕ್ತ ಆಮ್ಲವಾಗುವ ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್‌ನಲ್ಲಿ ಆಗುತ್ತದೆ. ಅದಕ್ಕೆ ಬೈಕಾರ್ಬನೇಟ್ ಕೂಡ ನೋಡಿದ್ದೆವು, ಸರಿಯಾಗಿತ್ತು.

ಆರು ತಿಂಗಳಾದ ಮೇಲೆ ಅಜ್ಜಿ ನಡೆದುಕೊಂಡೇ ಬಂದರು. ರಾತ್ರಿ ಒಂದೇ ಸಲ ಏಳುತ್ತಾರಂತೆ. ಕ್ಯಾಲ್ಸಿಯಂ 9.7. ಕ್ರಿಯಾಟಿನಿನ್ 1.5ಕ್ಕೆ ಬಂದು ನಿಂತಿದೆ, ಅದಕ್ಕಿಂತ ಕೆಳಗೆ ಇಳಿದಿಲ್ಲ. ಸ್ಕ್ಯಾನಿಂಗಿನಲ್ಲಿ ಆ ಬಿಳಿ ಹಾಗೆಯೇ ಇದೆ. ಮಂಡಿ ನೋವೂ ಹಾಗೆಯೇ ಇದೆ. ನೋವಿಗೆ ಪ್ಯಾರಾಸಿಟಮಾಲ್ ಬರೆದೆ, ತೊಡೆಯ ಸ್ನಾಯುವಿಗೆ ವ್ಯಾಯಾಮ ಹೇಳಿಕೊಡಿಸಿದೆ. ಬೇರೆ ನೋವಿನ ಮಾತ್ರೆ ಬೇಡ, ಕ್ಯಾಲ್ಸಿಯಂ ಮಾತ್ರೆ ಬೇಡ, ಸೂಜಿ ಬೇಡ ಎಂದು ಅವರ ಪುಸ್ತಕದ ಮೊದಲ ಪುಟದಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.