ಕೆಲಸ ಮಾಡದೋರನ್ನ ಬಿಟ್ಟು ಲೆಕ್ಕ ಹಾಕಿದ್ರೆ ಏನಾಗುತ್ತೆ?

"ಕೆಲಸಕ್ಕೆ ಹೋಗದೋರ್ಗೆ ಸಂಬಳನೇ ಇಲ್ವಲ್ಲ, ಓದಿದ್ರೆ ಸಂಬಳ ಎಷ್ಟು ಏರುತ್ತೆ ಅಂತ ನೋಡೋಕೆ ಅವರನ್ನ ಬಿಟ್ಟು ರಿಗ್ರೆಷನ್ ಹಾಕಿದ್ರೆ ಏನು ತಪ್ಪು?"

ಒಂದು ಚಿಕ್ಕ ಲೆಕ್ಕ ನೋಡಿ. ಆರು ಜನ ಹೆಂಗಸರು ಅಂದ್ಕೊಳ್ಳಿ. ಎಸ್ಸೆಸ್ಸೆಲ್ಸಿ ಓದಿರೋ ಮೂರು ಜನಕ್ಕೆ ಹೊರಗಡೆ ಸಿಗಬಹುದಾದ ಸಂಬಳ 8, 12, 16 ಸಾವಿರ, ಡಿಗ್ರಿ ಓದಿರೋ ಮೂರು ಜನಕ್ಕೆ 16, 20, 24 ಸಾವಿರ. ಅಂದ್ರೆ ಸರಾಸರಿ 12 ಮತ್ತೆ 20, ಓದಿನ ಬೆಲೆ 8 ಸಾವಿರ. ಈಗ ಮನೆ, ಮಗು, ಬಸ್ ಚಾರ್ಜು ಎಲ್ಲಾ ನೋಡಿ ಎಲ್ಲರೂ 14 ಸಾವಿರಕ್ಕಿಂತ ಕಮ್ಮಿ ಆದ್ರೆ ಬೇಡ ಅಂತಾರೆ ಅನ್ನಿ. ಡಿಗ್ರಿಯವರು ಮೂರೂ ಜನ ಹೋಗ್ತಾರೆ, ಎಸ್ಸೆಸ್ಸೆಲ್ಸಿಯವರಲ್ಲಿ 16ರವಳು ಒಬ್ಬಳೇ. ನಿಮ್ಮ ಡೇಟಾದಲ್ಲಿ ಕಾಣೋದು 16 ಮತ್ತೆ 20, ಓದಿನ ಬೆಲೆ ಅರ್ಧಕ್ಕರ್ಧ ಇಳಿದು 4 ಸಾವಿರ ಆಗೋಯ್ತು!

ಆ ಒಬ್ಬಳು ಹೊರಗೆ ಬಂದಿದ್ದು ಓದಿನಿಂದಲ್ಲ, ಡೇಟಾದಲ್ಲಿ ಕಾಣದ ಇನ್ನೇನೋ ಚುರುಕುತನದಿಂದ. ಅದು ಮಾಡೆಲ್ ವಿವರಿಸದೆ ಬಿಟ್ಟ ಭಾಗ, ಅಂದ್ರೆ ಎರರ್ ಟರ್ಮಲ್ಲಿ ಕೂತಿರುತ್ತೆ, ಆಯ್ಕೆಯ ದೋಷ ಅನ್ನೋ ತೊಂದರೆ ಅಲ್ಲೇ. ಯಾರು ಹೋಗ್ತಾರೆ ಅನ್ನೋದು ಬರೀ ಮಾಡೆಲ್‌ನಲ್ಲಿರೋ ಓದಿನ ಮೇಲೇ ನಿಂತಿದ್ರೆ ಯಾವ ತಕರಾರೂ ಇರ್ತಿರ್ಲಿಲ್ಲ. ಉಳಿದೋರ್ಗೆ ಸೊನ್ನೆ ಹಾಕ್ತೀನಿ ಅಂತ ಹೊರಡಬೇಡಿ, ಅವರಿಗೆ ಸಿಗಬಹುದಾದ ಸಂಬಳ ಸೊನ್ನೆ ಅಲ್ಲ, ನಮಗೆ ಕಾಣ್ತಿಲ್ಲ ಅಷ್ಟೇ.

ಇದಕ್ಕೆ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ 1979ರಲ್ಲಿ ತೋರಿಸಿದ ದಾರಿ ಎರಡು ಹೆಜ್ಜೆದು. ಮೊದಲು ಎಲ್ಲರನ್ನೂ ಸೇರಿಸ್ಕೊಂಡು, ಕೆಲಸಕ್ಕೆ ಹೋಗೋ ಸಂಭವ ಎಷ್ಟು ಅಂತ ಪ್ರಾಬಿಟ್ ಅನ್ನೋ ಹೌದು-ಇಲ್ಲ ಉತ್ತರದ ಮಾಡೆಲ್ ಹಾಕೋದು, ಅದರಿಂದ ಒಬ್ಬೊಬ್ಬರಿಗೂ ಇನ್ವರ್ಸ್ ಮಿಲ್ಸ್ ರೇಶಿಯೋ ಅಂತ ಒಂದು ಸಂಖ್ಯೆ ಬರುತ್ತೆ, ಹೋಗೋ ಸಂಭವ ಕಮ್ಮಿ ಇದ್ದೂ ಹೋದೋರ್ಗೆ ಅದು ದೊಡ್ಡದು. ಆಮೇಲೆ ಕೆಲಸಕ್ಕೆ ಹೋದೋರ ಸಂಬಳದ ರಿಗ್ರೆಷನ್‌ಗೆ ಅದನ್ನೂ ಒಂದು ವೇರಿಯಬಲ್ ಆಗಿ ಸೇರಿಸೋದು. ಸ್ಟಾಟಾ ಅನ್ನೋ ಸಾಫ್ಟ್‌ವೇರಲ್ಲಿ ಹೀಗೆ:

```
heckman lwage educ exper expersq, ///
  select(inlf = nwifeinc educ exper expersq age kidslt6 kidsge6) twostep
```

ಇದು ಎಲ್ಲರೂ ಪಾಠ ಕಲಿಯೋ ಮ್ರೋಜ್ ಡೇಟಾ: 1975ರ ಅಮೆರಿಕದ 753 ವಿವಾಹಿತ ಹೆಂಗಸರು, ಸಂಬಳ ಕಂಡಿದ್ದು 428 ಜನದ್ದು. `select` ಒಳಗೆ ಮಾತ್ರ ಇರೋದನ್ನ ನೋಡಿ, ಹೆಂಡತಿ ಸಂಬಳ ಬಿಟ್ಟು ಮನೆಗೆ ಬರೋ ಉಳಿದ ಆದಾಯ, ವಯಸ್ಸು, ಮಕ್ಕಳ ಸಂಖ್ಯೆ. ಇವು ಕೆಲಸಕ್ಕೆ ಹೋಗೋದನ್ನ ತಡೀಬಹುದು ಆದ್ರೆ ಗಂಟೆಗೆ ಸಿಗೋ ಕೂಲಿನ ನೇರವಾಗಿ ಬದಲಾಯಿಸಲ್ಲ ಅನ್ನೋದು ನಂಬಿಕೆ. ಮಕ್ಕಳಿರೋ ತಾಯಿಗೆ ಕೂಲಿನೇ ಕಮ್ಮಿ ಕೊಟ್ರೆ? ನಂಬಿಕೆ ಅಲ್ಲಿಗೆ ಮುಗೀತು, ಇದನ್ನ ಯಾವ ಟೆಸ್ಟೂ ಪೂರ್ತಿ ಹೇಳಲ್ಲ. ಹಾಗಂತ ಎರಡೂ ಕಡೆ ಅದೇ ವೇರಿಯಬಲ್‌ಗಳನ್ನ ಹಾಕಿದ್ರೆ ಮಿಲ್ಸ್ ರೇಶಿಯೋ ಹೆಚ್ಚುಕಮ್ಮಿ ಅವುಗಳದೇ ನೆರಳಾಗಿಬಿಡುತ್ತೆ, ಸ್ಟ್ಯಾಂಡರ್ಡ್ ಎರರ್ ಊದ್ಕೊಳ್ಳುತ್ತೆ. ಹಾಗೇನಾದ್ರೂ ಕಂಡ್ರೆ ಮೊದಲು ಇಲ್ಲೇ ಹುಡುಕಿ.

ಇಷ್ಟೆಲ್ಲಾ ಮಾಡಿ ಇಲ್ಲಿ ಸಿಗೋದೇನು ಗೊತ್ತಾ? ಗಂಟೆ ಕೂಲಿಯ ಲಾಗ್ ಮೇಲೆ ಒಂದು ವರ್ಷದ ಓದಿನ ಕೋಎಫಿಶಿಯೆಂಟ್ ಮಾಮೂಲಿ ರಿಗ್ರೆಷನ್ನಲ್ಲಿ 0.107, ಹೆಕ್ಮನ್ ಹಾಕಿದ ಮೇಲೆ 0.109. ಮಿಲ್ಸ್ ರೇಶಿಯೋದ್ದು 0.032, ಅದರ ಸ್ಟ್ಯಾಂಡರ್ಡ್ ಎರರ್ರೇ 0.134, ಅಂದ್ರೆ ಈ ಡೇಟಾದಲ್ಲಿ ಆಯ್ಕೆಯ ದೋಷಕ್ಕೆ ಪುರಾವೆ ಸಿಗ್ಲಿಲ್ಲ. ನಂಗೆ ಇದೇ ಇಷ್ಟ ಆಗಿದ್ದು, ತರಗತಿಗೆ ತರೋ ಉದಾಹರಣೆನೇ ಕೈ ಕೊಡುತ್ತೆ.